ಒಮ್ಮೆ ಬೇಡವೆಂದ ಎಚ್‌ಆರ್‌ಗೆ ಏಳು ತಿಂಗಳ ಮೇಲೆ ಮತ್ತೆ ಬರೆಯುವಾಗ

ದೀಪಾವಳಿಗೆ ಗದಗಿನಿಂದ ನನ್ನ ಹೆಂಡತಿಯ ಅಣ್ಣನ ಮಗ ಬಂದಿದ್ದ. ಡಿಪ್ಲೊಮಾ ಮೆಕ್ಯಾನಿಕಲ್, ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಮಶೀನ್ ಶಾಪಿನಲ್ಲಿ ಮೂರು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಆಗಸ್ಟ್‌ನಲ್ಲಿ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಂಪನಿಗೆ ಕ್ವಾಲಿಟಿ ಎಂಜಿನಿಯರ್ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದ. ಎರಡು ವಾರ ಕಾಯಿಸಿ ಆಗಲಿಲ್ಲವೆಂದು ಮೇಲ್ ಕಳಿಸಿದ್ದರು. ಊಟ ಆದ ಮೇಲೆ ಫೋನ್ ಹಿಡಿದುಕೊಂಡು ಪಕ್ಕದಲ್ಲಿ ಕೂತ.

"ಮಾಮಾ, ಆ ಎಚ್‌ಆರ್ ಮೇಡಂ ನಂಬರ್ ಇನ್ನೂ ಐತಿ. 'ಎನಿ ವೇಕೆನ್ಸಿ ಮೇಡಂ' ಅಂತ ಒಂದು ಮೆಸೇಜ್ ಒಗೀಲೇನು?"

ಬೇಡ ಅಂದೆ. ಹುಬ್ಬಳ್ಳಿ-ಧಾರವಾಡದ ಕಾರ್ಖಾನೆಗಳಲ್ಲಿ ಹದಿನಾಲ್ಕು ವರ್ಷ ಎಚ್‌ಆರ್ ಕುರ್ಚಿಯಲ್ಲಿ ಕೂತವ ನಾನು. ಅಂಥ ಮೆಸೇಜುಗಳನ್ನು ಎಷ್ಟು ಸಲ ಓದಿ, ನೀಲಿ ಟಿಕ್ ಬಿದ್ದರೂ ಉತ್ತರ ಕೊಡದೆ ಬಿಟ್ಟಿದ್ದೇನೆಂದು ನನಗೇ ಗೊತ್ತು. ಸೊಕ್ಕಿನಿಂದ ಅಲ್ಲ. ಆ ಮೆಸೇಜ್ ಇಟ್ಟುಕೊಂಡು ನಾನು ಮಾಡುವಂಥದ್ದು ಏನೂ ಇರುತ್ತಿರಲಿಲ್ಲ, ಅಷ್ಟೇ. ಆ ಹುಡುಗ ಕೊನೆಗೆ ಮಾರ್ಚ್‌ನಲ್ಲಿ ಬರೆದ. ಅಷ್ಟರಲ್ಲಿ ಅವನು ಏನೇನು ಮಾಡಿದ, ಯಾಕೆ ಮಾಡಿದ ಎಂಬುದನ್ನೇ ಹಿಡಿದುಕೊಂಡು ಹೇಳುತ್ತೇನೆ.

ಮೊದಲು: ನಿಮ್ಮ ಹೆಸರಿನ ಮುಂದಿರುವ ಒಂದು ಸಾಲು

ನಮ್ಮ ಕಡೆಯ ಮಧ್ಯಮ ಗಾತ್ರದ ಕಾರ್ಖಾನೆಗಳಲ್ಲಿ ಅಭ್ಯರ್ಥಿಗಳ ದಾಖಲೆ ಎಂದರೆ ಹೆಚ್ಚಾಗಿ ಒಂದು ಎಕ್ಸೆಲ್ ಶೀಟು. ಹೆಸರು, ಮೊಬೈಲ್, ಈಗಿನ ಸಂಬಳ, ಕೇಳಿದ ಸಂಬಳ, ನೋಟಿಸ್ ಅವಧಿ, ಯಾವ ಸುತ್ತಿನವರೆಗೆ ಬಂದ, ಕೊನೆಯ ಕಾಲಮ್ಮಿನಲ್ಲಿ ಷರಾ. ದೊಡ್ಡ ಕಂಪನಿಗಳಲ್ಲಿ ಇದಕ್ಕೇ ಸಾಫ್ಟ್‌ವೇರ್ ಇರುತ್ತದೆ, ಆದರೆ ಅಲ್ಲೂ ಷರಾ ಇದ್ದೇ ಇರುತ್ತದೆ. ನೀವು ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಕೊಟ್ಟ ಸಂದರ್ಶನ ಆರು ತಿಂಗಳ ಮೇಲೆ ಅಲ್ಲಿ ಉಳಿಯುವುದು ಆ ಒಂದು ಸಾಲಾಗಿ ಮಾತ್ರ.

ಆ ಸಾಲನ್ನು ಬಹುತೇಕ ಎಚ್‌ಆರ್ ತಾವಾಗಿ ಬರೆದಿರುವುದಿಲ್ಲ. ಬೇಡ ಎಂದದ್ದು ವಿಭಾಗದ ಮ್ಯಾನೇಜರ್. ಅವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಎಚ್‌ಆರ್ ಟೈಪ್ ಮಾಡಿರುತ್ತಾರೆ. ಇದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸರಳ. ನೀವು ಮತ್ತೆ ಬರೆದಾಗ ಆ ಮೇಡಂ ಶೀಟು ತೆಗೆದು ಹಳೆಯ ಸಾಲು ಓದುತ್ತಾರೆ. ಆ ಸಾಲನ್ನು ಸುಳ್ಳಾಗಿಸುವ ಸುದ್ದಿ ನಿಮ್ಮ ಮೆಸೇಜಿನಲ್ಲಿದ್ದರೆ ಮ್ಯಾನೇಜರ್ ಹತ್ತಿರ ಹೋಗಿ "ಸರ್, ಆವತ್ತು ಹಿಂಗಂದಿದ್ರಿ, ಈಗ ಹಿಂಗೈತಿ ನೋಡ್ರಿ" ಎನ್ನಲು ಅವರಿಗೊಂದು ಎಳೆ ಸಿಗುತ್ತದೆ. ಇಲ್ಲದಿದ್ದರೆ ಬೇಡವೆಂದ ಹುಡುಗನನ್ನೇ ಮತ್ತೆ ಕರಕೊಂಡು ಬಂದೆ ಅನ್ನಿಸಿಕೊಳ್ಳಲು ಅವರಿಗೇನು ಹುಚ್ಚೇ?

ಹಾಗಾಗಿ ಮೊದಲ ಹೆಜ್ಜೆ, ಆ ಸಾಲು ಏನಿರಬಹುದೆಂದು ಊಹಿಸುವುದು. ಮೇಲ್‌ನಲ್ಲಿ ಬಂದ ಕಾರಣವನ್ನು ನಂಬಬೇಡಿ. "ನಿಮ್ಮ ಪ್ರೊಫೈಲ್ ಸದ್ಯದ ಅಗತ್ಯಕ್ಕೆ ಹೊಂದುತ್ತಿಲ್ಲ" ಎಂಬುದನ್ನು ನಾವು ಎಲ್ಲರಿಗೂ ಒಂದೇ ನಮೂನೆಯಲ್ಲಿ ಕಳಿಸುತ್ತಿದ್ದೆವು. ಸಂದರ್ಶನ ಯಾವ ಜಾಗದಲ್ಲಿ ತಣ್ಣಗಾಯಿತು ಎಂದು ನೆನಪು ಮಾಡಿಕೊಳ್ಳಿ. ಎಚ್‌ಆರ್ ಫೋನಿನಲ್ಲಿ ಸಂಬಳ ಕೇಳಿದ ಕೂಡಲೇ "ಸರಿ, ತಿಳಿಸ್ತೀವಿ" ಎಂದು ಮಾತು ಮುಗಿಸಿದ್ದರೆ ಸಂಬಳ ಅಥವಾ ನೋಟಿಸ್ ಅವಧಿಯದೇ ತಕರಾರು. ಎರಡೂ ಸುತ್ತು ಚೆನ್ನಾಗಿ ನಡೆದು, ಆಧಾರ್, ಮಾರ್ಕ್ಸ್ ಕಾರ್ಡ್, ಸಂಬಳದ ಸ್ಲಿಪ್ ಎಲ್ಲ ಇಸಿದುಕೊಂಡು ಆಮೇಲೆ ಸುಮ್ಮನಾದರೆ ನೀವು ಎರಡನೇ ಆಯ್ಕೆಯಾಗಿದ್ದಿರಿ ಎನ್ನಬಹುದು. ಮ್ಯಾನೇಜರ್ ಒಂದೇ ವಿಷಯವನ್ನು ತಿರುತಿರುಗಿ ಬೇರೆ ಬೇರೆ ರೀತಿಯಲ್ಲಿ ಕೇಳಿದ್ದರೆ ಕೊರತೆ ಅಲ್ಲಿಯೇ ಇದೆ. ಒಳ್ಳೆಯ ಮ್ಯಾನೇಜರ್ ನಿಮಗೆ ಗೊತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಮೂರು ಸಲ ಕೇಳುತ್ತಾರೆ.

ನಮ್ಮ ಹುಡುಗನಿಗೆ ನೆನಪಿತ್ತು. "ಮಾಮಾ, ಅವ್ರು ವರ್ನಿಯರ್, ಮೈಕ್ರೋಮೀಟರ್ ಎಲ್ಲಾ ಕೇಳಿದ್ರು, ಹೇಳಿದೆ. ಆಮ್ಯಾಲೆ ಗೇಜ್ ಆರ್ ಅಂಡ್ ಆರ್ ಮಾಡೀರೇನು ಅಂದ್ರು. ಕೇಳೀನ್ರಿ ಅಂದೆ. ನಿಮ್ಮ ಮೈಕ್ರೋಮೀಟರ್ ತೋರಿಸೂದನ್ನ ಹೆಂಗ ನಂಬ್ತೀರಿ ಅಂದ್ರು. ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಐತ್ರಿ ಅಂದೆ. ಇಬ್ಬರು ಅಳತಿ ಮಾಡಿ ಬ್ಯಾರೆ ಬ್ಯಾರೆ ಬಂದ್ರ ಏನ್ ಮಾಡ್ತೀರಿ ಅಂದ್ರು. ಮತ್ತೊಮ್ಮೆ ಅಳೀತೀನ್ರಿ ಅಂದೆ. ಆಗ ಪೆನ್ನು ಕೆಳಗಿಟ್ರು."

ಪೆನ್ನು ಕೆಳಗಿಟ್ಟ ಜಾಗವೇ ಆ ಸಾಲು. ಇದರ ಜತೆಗೆ ಇನ್ನೊಂದು ಸಣ್ಣ ಸಂಗತಿಯೂ ಹೊರಬಿತ್ತು. ಎಲ್ಲಿ ಇರುತ್ತೀರಿ ಎಂದು ಎಚ್‌ಆರ್ ಕೇಳಿದಾಗ ಇವನು ಗದಗಿನಿಂದ ದಿನಾ ಓಡಾಡುತ್ತೇನೆ ಎಂದಿದ್ದ. ಗದಗಿನಿಂದ ಹುಬ್ಬಳ್ಳಿಗೇ ಸುಮಾರು 60 ಕಿಲೋಮೀಟರ್. ಅಲ್ಲಿಂದ ಧಾರವಾಡ ದಾಟಿ ಬೆಳಗಾವಿ ಹೆದ್ದಾರಿಯಲ್ಲಿ ಬೇಲೂರಿಗೆ ಹೋಗಬೇಕು. ಬೆಳಗಿನ ಆರರ ಶಿಫ್ಟಿಗೆ ಇದು ಆಗದ ಮಾತು. ಯಾರೂ ಎದುರಿಗೆ ಹೇಳಲಿಲ್ಲ, ಆದರೆ ನಾನಾಗಿದ್ದರೆ ಷರಾದಲ್ಲಿ ಖಂಡಿತ ಬರೆದುಕೊಳ್ಳುತ್ತಿದ್ದೆ.

ಕಾರಣ ಯಾವುದು ಎಂಬುದರ ಮೇಲೆ ಮುಂದಿನ ದಾರಿ ಬೇರೆಯಾಗುತ್ತದೆ. ಎರಡನೇ ಆಯ್ಕೆಯಾಗಿದ್ದವರು ಏನೂ ಹೊಸದಾಗಿ ಕಲಿಯಬೇಕಿಲ್ಲ, ಕಾಯುವುದೂ ಬೇಡ. ಆಯ್ಕೆಯಾದವನು 60 ಅಥವಾ 90 ದಿನದ ನೋಟಿಸ್ ಮುಗಿಸಿ, ಅಷ್ಟರಲ್ಲಿ ಬೇರೆ ಕಡೆ ಇನ್ನೂ ಹೆಚ್ಚಿನ ಸಂಬಳ ಸಿಕ್ಕು, ಸೇರುವ ದಿನ ಫೋನ್ ಸ್ವಿಚ್ ಆಫ್ ಮಾಡಿಬಿಡುವುದು ಪ್ರತಿ ಎಚ್‌ಆರ್‌ಗೂ ಗೊತ್ತಿರುವ ನೋವು. ಅದೇ ಹುದ್ದೆಯ ಜಾಹೀರಾತು ಎರಡು-ಮೂರು ತಿಂಗಳಲ್ಲಿ ಮತ್ತೆ ಬಂದರೆ ಹೀಗಾಗಿರುವ ಸಾಧ್ಯತೆ ಬಹಳ. ಅಂದೇ ಬರೆಯಿರಿ. ಸಂಬಳದ ತಕರಾರಾಗಿದ್ದರೆ ಈಗ ನೀವು ಒಪ್ಪುವ ಅಂಕಿಯನ್ನು ನೇರವಾಗಿ ಬರೆಯಿರಿ. "ನೆಗೋಶಿಯೇಬಲ್" ಎಂಬ ಮಾತಿಗೆ ಶೀಟಿನಲ್ಲಿ ಕಾಲಮ್ಮಿಲ್ಲ. ಇನ್ನು, ಸಂದರ್ಶನಕ್ಕೆ ಬರುತ್ತೇನೆಂದು ಬಾರದೆ ಹೋದವರು, ಆಫರ್ ಹಿಡಿದುಕೊಂಡು ಸೇರದವರು ನೀವೇ ಆಗಿದ್ದರೆ, ಅದು ಆ ಶೀಟಿನಲ್ಲಿ ಕೆಂಪು ಬಣ್ಣದಲ್ಲಿ ಇರುತ್ತದೆ. ಮೊದಲ ಸಾಲಿನಲ್ಲೇ ತಪ್ಪು ಒಪ್ಪಿಕೊಂಡು ಬರೆಯಬಹುದು, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಎರಡನೆಯದು: ಆ ಸಾಲನ್ನು ಅಳಿಸುವ ಕೆಲಸ

ಕೌಶಲದ ಕೊರತೆ ಎಂದಾದರೆ ಬಹಳ ಜನ ಮಾಡುವುದು ಒಂದು ಆನ್‌ಲೈನ್ ಕೋರ್ಸ್. ಪ್ರಮಾಣಪತ್ರ ತಪ್ಪಲ್ಲ, ಆದರೆ ಮ್ಯಾನೇಜರ್ ಕೇಳಿದ ಪ್ರಶ್ನೆ "ಮಾಡೀರೇನು" ಎಂದು, "ಓದೀರೇನು" ಎಂದಲ್ಲ. ಈಗಿರುವ ಕೆಲಸದಲ್ಲೇ, ಸಣ್ಣದಾದರೂ ಸರಿ, ಅದನ್ನೊಮ್ಮೆ ಮಾಡಿ ನೋಡುವುದು ನಾಲ್ಕು ಪ್ರಮಾಣಪತ್ರಕ್ಕಿಂತ ತೂಕದ್ದು.

ಗೇಜ್ ಆರ್ ಅಂಡ್ ಆರ್ ಎಂದರೆ ಸರಳವಾಗಿ ಇಷ್ಟು: ಪೀಸುಗಳ ಅಳತೆ ಬೇರೆ ಬೇರೆ ಬಂದಾಗ, ಅದರಲ್ಲಿ ಪೀಸಿನದೇ ವ್ಯತ್ಯಾಸ ಎಷ್ಟು, ಅಳೆಯುವ ಸಾಧನ ಮತ್ತು ಅಳೆಯುವ ಕೈಯಿಂದ ಬಂದ ವ್ಯತ್ಯಾಸ ಎಷ್ಟು ಎಂದು ಬೇರ್ಪಡಿಸುವುದು. ವಾಹನ ಬಿಡಿಭಾಗಗಳ ಉದ್ಯಮದಲ್ಲಿ ರೂಢಿಯಲ್ಲಿರುವ ಕ್ರಮ 10 ಪೀಸು, 3 ಜನ, ಪ್ರತಿಯೊಬ್ಬರೂ 3 ಸಲ, ಒಟ್ಟು 90 ಅಳತೆ. ಸಾಧನ ಮತ್ತು ಕೈಯ ಪಾಲು ಶೇ 10ಕ್ಕಿಂತ ಕಡಿಮೆ ಬಂದರೆ ಅಳತೆಯ ವ್ಯವಸ್ಥೆ ಒಳ್ಳೆಯದು, 10ರಿಂದ 30ರ ನಡುವೆ ಬಂದರೆ ಕೆಲಸದ ಮಹತ್ವ ನೋಡಿ ಒಪ್ಪಬಹುದು, 30 ದಾಟಿದರೆ ಆ ಅಳತೆಯನ್ನು ನಂಬಿ ಪೀಸನ್ನು ಪಾಸು-ಫೇಲು ಮಾಡುವಂತಿಲ್ಲ.

ಹುಡುಗ ತನ್ನ ಮಾಲೀಕರನ್ನು ಕೇಳಿಕೊಂಡ. ಅವರಿಗೂ ಒಬ್ಬ ಗಿರಾಕಿಯಿಂದ ಪೀಸು ವಾಪಸ್ ಬರುತ್ತಿದ್ದ ತಲೆನೋವಿತ್ತು, ಒಪ್ಪಿದರು. ನವೆಂಬರ್‌ನಲ್ಲಿ ಒಂದು ಶಾಫ್ಟಿನ ವ್ಯಾಸವನ್ನು ಆರಿಸಿಕೊಂಡು, ಪೀಸುಗಳಿಗೆ ಕಾಣದ ಹಾಗೆ ನಂಬರ್ ಹಾಕಿ, ಮೂವರಿಂದ ಅಳತೆ ಮಾಡಿಸಿದ. ಲೆಕ್ಕ ಹಾಕಿದರೆ ಶೇ 34. ಗಾಬರಿಯಾಗಿ ನನಗೆ ಫೋನ್ ಮಾಡಿದ. ಕೆಟ್ಟ ಫಲಿತಾಂಶವೇ ನಿನ್ನ ಪುಣ್ಯ, ಈಗ ಕಾರಣ ಹುಡುಕು ಅಂದೆ. ಹಿರಿಯ ಆಪರೇಟರ್ ಒಬ್ಬರು ಮೈಕ್ರೋಮೀಟರಿನ ತುದಿಯ ರ‍್ಯಾಚೆಟ್ ಬಳಸದೆ ನೇರವಾಗಿ ತಿರುಪಿ ಬಿಗಿ ಮಾಡುತ್ತಿದ್ದರು. ಪ್ರತಿ ಸಲವೂ ಒತ್ತಡ ಬೇರೆ, ಅಳತೆಯೂ ಬೇರೆ. ಅವರಿಗೆ ಇದನ್ನು ಹೇಳುವುದೇ ಅಧ್ಯಯನಕ್ಕಿಂತ ಕಷ್ಟವಾಯಿತಂತೆ. ರ‍್ಯಾಚೆಟ್ ಮೂರು ಸಲ ಟಕ್ ಅನ್ನುವವರೆಗೆ ತಿರುಗಿಸುವುದು ಎಂದು ಎಲ್ಲರಿಗೂ ಒಂದೇ ಪದ್ಧತಿ ಮಾಡಿ, ಡಿಸೆಂಬರ್‌ನಲ್ಲಿ ಮತ್ತೆ 90 ಅಳತೆ ತೆಗೆದ. ಶೇ 18 ಬಂತು.

ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ನಿಮ್ಮದು ಅಕೌಂಟ್ಸ್ ಆಗಿದ್ದರೆ ಇದೇ ಜಾಗದಲ್ಲಿ ಜಿಎಸ್‌ಟಿ ಹೊಂದಾಣಿಕೆ ಬರಬಹುದು, ಸ್ಟೋರ್ಸ್ ಆಗಿದ್ದರೆ ದಾಸ್ತಾನಿನ ತಾಳೆ. ಕೇಳಿದ್ದಕ್ಕೆ ನೇರ ಉತ್ತರವಾಗಿರಬೇಕು, ಮುಂಚಿನ ಅಂಕಿ ಮತ್ತು ಆಮೇಲಿನ ಅಂಕಿ ಎರಡೂ ಇರಬೇಕು. ಅದೇ ಹೊತ್ತಿಗೆ ಹುಡುಗ ಹುಬ್ಬಳ್ಳಿಯಲ್ಲಿ ಇಬ್ಬರು ಗೆಳೆಯರ ಜತೆ ರೂಮು ಹಿಡಿದ. ಷರಾದ ಎರಡನೇ ಅರ್ಧವೂ ಅಳಿಯಿತು.

ಬರೆಯುವ ಮುಂಚೆ ನೋಡಿಕೊಳ್ಳಬೇಕಾದದ್ದು

ಮೊದಲ ಸಲ ನಿಮ್ಮನ್ನು ಕಂಪನಿಗೆ ಕಳಿಸಿದ್ದು ಯಾರು? ಕನ್ಸಲ್ಟೆನ್ಸಿಯವರಾಗಿದ್ದರೆ ಸ್ವಲ್ಪ ನಿಲ್ಲಿ. ಕನ್ಸಲ್ಟೆನ್ಸಿಗೂ ಕಂಪನಿಗೂ ನಡುವಿನ ಒಪ್ಪಂದದಲ್ಲಿ, ಅವರು ಕಳಿಸಿದ ಅಭ್ಯರ್ಥಿ ಇಂತಿಷ್ಟು ತಿಂಗಳ ಒಳಗೆ ಸೇರಿದರೆ ಕಮಿಷನ್ ಅವರಿಗೇ ಎಂದು ಇರುತ್ತದೆ. ಸಾಮಾನ್ಯವಾಗಿ ಆರು ತಿಂಗಳು, ಕೆಲವು ಕಡೆ ಒಂದು ವರ್ಷ. ಆ ಅವಧಿಯಲ್ಲಿ ನೀವು ನೇರವಾಗಿ ಅರ್ಜಿ ಹಾಕಿದರೆ ಇಬ್ಬರ ನಡುವೆ ಜಗಳ ಹತ್ತುತ್ತದೆ, ಜಗಳ ಬೇಡವೆಂದು ಎಚ್‌ಆರ್ ನಿಮ್ಮ ಬಯೋಡೇಟಾವನ್ನೇ ಬದಿಗಿಡುತ್ತಾರೆ. ನಾನೇ ಹಾಗೆ ಬದಿಗಿಟ್ಟಿದ್ದೇನೆ. ಅವಧಿ ಮುಗಿಯದಿದ್ದರೆ ಕನ್ಸಲ್ಟೆನ್ಸಿಯವರ ಮೂಲಕವೇ ಹೋಗಿ. ಎರಡೂ ಕಡೆಯಿಂದ ಒಟ್ಟಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು.

ದೊಡ್ಡ ಕಂಪನಿಗಳಲ್ಲಿ ಒಮ್ಮೆ ಫೇಲಾದವರು ಇಂತಿಷ್ಟು ತಿಂಗಳು ಮತ್ತೆ ಬರುವಂತಿಲ್ಲ ಎಂಬ ನಿಯಮವೂ ಇರುತ್ತದೆ. ಇಲ್ಲೂ ಆರು ತಿಂಗಳೇ ಹೆಚ್ಚು ಕಂಡುಬರುವ ಲೆಕ್ಕ. ಸಾಫ್ಟ್‌ವೇರ್ ನಿಮ್ಮನ್ನು ಗುರುತಿಸುವುದು ಮೊಬೈಲ್ ನಂಬರ್ ಮತ್ತು ಇಮೇಲ್‌ನಿಂದ. ಅದಕ್ಕೇ ಕೆಲವರು ಹೊಸ ಇಮೇಲ್ ಮಾಡಿಕೊಂಡು, ಅಕ್ಕನ ನಂಬರ್ ಕೊಟ್ಟು ಹೊಸಬರ ಹಾಗೆ ಬರುತ್ತಾರೆ. ಸಂದರ್ಶನದ ಕೋಣೆಯಲ್ಲಿ ಮ್ಯಾನೇಜರ್ ಮುಖ ನೋಡಿ ಗುರುತು ಹಿಡಿದರೆ ಅಲ್ಲಿಗೆ ಮುಗಿಯಿತು.

ಹಳೆಯ ಬಯೋಡೇಟಾ ಅವರ ಹತ್ತಿರ ಇರುತ್ತದೆ ಎಂಬುದನ್ನೂ ಮರೆಯಬೇಡಿ. ಕಳೆದ ಸಲ ಕಳಿಸಿದ ಫೈಲನ್ನು ಹುಡುಕಿ ಹೊಸದರ ಪಕ್ಕ ಇಟ್ಟು ನೋಡಿ. ಸೇರಿದ ತಿಂಗಳು, ಬಿಟ್ಟ ತಿಂಗಳು, ಹುದ್ದೆಯ ಹೆಸರು ಎರಡರಲ್ಲೂ ಒಂದೇ ಇರಬೇಕು. ಆಗ ಇನ್‌ಸ್ಪೆಕ್ಟರ್ ಇದ್ದವರು ಈಗ ಅದೇ ಅವಧಿಗೆ ಎಂಜಿನಿಯರ್ ಎಂದು ಬರೆದರೆ ಹೊಸ ಕಲಿಕೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ಕೆಲಸದ ಅವಧಿಗಳನ್ನಂತೂ ಪಿಎಫ್‌ನ ಯುಎಎನ್ ದಾಖಲೆಯಲ್ಲಿ ತಾಳೆ ನೋಡುವ ಕಂಪನಿಗಳು ಈಗ ಹಲವು.

ಆ ಮೇಡಂ ಇನ್ನೂ ಅದೇ ಕಂಪನಿಯಲ್ಲಿದ್ದಾರೆಯೇ? ಲಿಂಕ್ಡ್‌ಇನ್‌ನಲ್ಲಿ ಒಮ್ಮೆ ನೋಡಿ. ಅವರು ಬೇರೆ ಕಡೆ ಹೋಗಿದ್ದರೆ ಶೀಟು ಹಳೆಯ ಕಂಪನಿಯಲ್ಲೇ ಉಳಿದಿದೆ, ಅವರು ಹೊಸ ಜಾಗದಲ್ಲಿ ಖಾಲಿ ಶೀಟಿನಿಂದ ಶುರು ಮಾಡಿರುತ್ತಾರೆ. ಆಗ ಹಳೆಯ ಕಂಪನಿಯ ಹೊಸ ಎಚ್‌ಆರ್‌ಗೆ ಒಂದು, ಈ ಮೇಡಂಗೆ ಅವರ ಹೊಸ ಕಂಪನಿಯ ಬಗ್ಗೆ ಇನ್ನೊಂದು, ಹೀಗೆ ಎರಡು ಬೇರೆ ಪತ್ರ ಬರೆಯಬೇಕಾಗುತ್ತದೆ.

ತಿಂಗಳಲ್ಲಿ ಯಾವ ದಿನ

ಇದು ಬೆಂಗಳೂರಿನ ಐಟಿ ಕಂಪನಿಗಳಿಗೆ ಅನ್ವಯಿಸದ, ನಮ್ಮ ಕಡೆಯ ಕಾರ್ಖಾನೆಗಳ ಸಂಗತಿ. ಇಲ್ಲಿ ಎಷ್ಟೋ ಕಡೆ ನೇಮಕಾತಿ ಮಾಡುವವರೇ ಹಾಜರಿ, ಸಂಬಳ, ಪಿಎಫ್, ಇಎಸ್‌ಐ ಎಲ್ಲ ನೋಡುತ್ತಾರೆ. ತಿಂಗಳ ಮೊದಲ ವಾರ ಹಾಜರಿ ಮತ್ತು ಸಂಬಳ. ಆಮೇಲೆ ಪಿಎಫ್ ಮತ್ತು ಇಎಸ್‌ಐ ಕಟ್ಟಲು 15ನೇ ತಾರೀಖು ಕಡೆಯ ದಿನ. ಆ ಹೊತ್ತಿನಲ್ಲಿ ಬಂದ ಮೇಲ್ ಕೆಳಗೆ ಹೋಗಿ ಮುಚ್ಚಿಹೋಗುತ್ತದೆ. ನನ್ನ ಅನುಭವದಲ್ಲಿ 16ರಿಂದ 25ರ ನಡುವೆ ಬಂದವುಗಳನ್ನು ನಾನು ನಿಧಾನಕ್ಕೆ ಓದುತ್ತಿದ್ದೆ. ಹುದ್ದೆ ಜಾಹೀರಾತಾಗಿದ್ದರೆ ಇಷ್ಟು ಕಾಯಲು ಹೋಗಬೇಡಿ, ಆದರೆ ಎರಡು ದಿನ ಹಿಂದೆಮುಂದೆ ಮಾಡಲು ಅವಕಾಶವಿದ್ದರೆ ಇದನ್ನು ಗಮನಿಸಿ.

ನಮ್ಮ ಹುಡುಗನಿಗೆ ಮಾರ್ಚ್ 14ಕ್ಕೆ ನೌಕ್ರಿಯಲ್ಲಿ ಜಾಹೀರಾತು ಕಂಡಿತು. ಅದೇ ಕಂಪನಿ, ಆದರೆ ಹುದ್ದೆ ಸ್ವಲ್ಪ ಬೇರೆ: ಹೊರಗಿನಿಂದ ಬರುವ ಬಿಡಿಭಾಗಗಳ ತಪಾಸಣೆ, ಅವರ ಭಾಷೆಯಲ್ಲಿ ಇನ್‌ಕಮಿಂಗ್ ಕ್ವಾಲಿಟಿ. ಹೊರಗಿನ ಸರಬರಾಜುದಾರನ ಪೀಸನ್ನು ವಾಪಸ್ ಕಳಿಸುವಾಗ ಮೊದಲು ಏಳುವ ಜಗಳವೇ "ನಿಮ್ಮ ಅಳತಿ ತಪ್ಪು, ನಮ್ಮದು ಸರಿ" ಎಂಬುದು. ಅವನು ಕಲಿತದ್ದು ಈ ಹುದ್ದೆಗೆ ಹಳೆಯದಕ್ಕಿಂತಲೂ ಹತ್ತಿರದ್ದಾಗಿತ್ತು. ಅವತ್ತೇ ನೌಕ್ರಿಯಲ್ಲಿ ಅರ್ಜಿ ಹಾಕಿದ. ಹಾಕದೆ ಬರೀ ಮೇಲ್ ಕಳಿಸಿದರೆ "ಅಲ್ಲಿ ಹಾಕಿ" ಎಂದು ಹೇಳಲು ಎಚ್‌ಆರ್‌ಗೆ ಒಂದು ನೆಪ ಸಿಗುತ್ತದೆ. 16ಕ್ಕೆ ಮೇಲ್ ಬರೆದ.

ಮೇಲ್

ಹೊಸ ಮೇಲ್ ತೆರೆಯಬೇಡಿ. ಅವರು ಬೇಡವೆಂದು ಕಳಿಸಿದ ಆ ಹಳೆಯ ಮೇಲ್‌ಗೇ ರಿಪ್ಲೈ ಮಾಡಿ. ನೋಡಲು ಮುಜುಗರ ಅನ್ನಿಸುತ್ತದೆ, ಆದರೆ ಕೆಳಗೆ ಹಳೆಯ ಮಾತುಕತೆ ಪೂರ್ತಿ ಇರುವುದರಿಂದ ನೀವು ಯಾರೆಂದು ಹುಡುಕುವ ಕೆಲಸ ಅವರಿಗೆ ತಪ್ಪುತ್ತದೆ. ನೀವು ಹೆಚ್ಚಾಗಿ ಇಂಗ್ಲಿಷಿನಲ್ಲೇ ಬರೆಯುತ್ತೀರಿ, ಹುರುಳು ಹೀಗಿರಲಿ. ಹುಡುಗ ಕಳಿಸಿದ್ದು ಇದು:

"ನಮಸ್ಕಾರ ಮೇಡಂ. ಕಳೆದ ಆಗಸ್ಟ್‌ನಲ್ಲಿ ಕ್ವಾಲಿಟಿ ಎಂಜಿನಿಯರ್ ಹುದ್ದೆಯ ಸಂದರ್ಶನಕ್ಕೆ ಬಂದಿದ್ದೆ, ಆಯ್ಕೆಯಾಗಲಿಲ್ಲ. ಗೇಜ್ ಆರ್ ಅಂಡ್ ಆರ್ ಬಗ್ಗೆ ಕೇಳಿದಾಗ ನನಗೆ ಮಾಡಿ ಗೊತ್ತಿರಲಿಲ್ಲ. ಆಮೇಲೆ ಈಗಿನ ಕೆಲಸದಲ್ಲಿ ಮೈಕ್ರೋಮೀಟರ್ ಮೇಲೆ ಎರಡು ಸಲ ಮಾಡಿದೆ (10 ಪೀಸು, 3 ಜನ, 3 ಸಲ). ಮೊದಲು ಶೇ 34 ಬಂತು. ಕಾರಣ ಹುಡುಕಿ ಸರಿಪಡಿಸಿದ ಮೇಲೆ ಶೇ 18. ಮಾರ್ಚ್ 14ರಂದು ನಿಮ್ಮ ಇನ್‌ಕಮಿಂಗ್ ಕ್ವಾಲಿಟಿ ಹುದ್ದೆಗೆ ನೌಕ್ರಿಯಲ್ಲಿ ಅರ್ಜಿ ಹಾಕಿದ್ದೇನೆ. ಈಗ ಹುಬ್ಬಳ್ಳಿಯಲ್ಲೇ ಇದ್ದೇನೆ, ಮೂರೂ ಶಿಫ್ಟಿಗೆ ಬರಬಲ್ಲೆ, ನೋಟಿಸ್ 30 ದಿನ. ಹೊಸ ಬಯೋಡೇಟಾ ಲಗತ್ತಿಸಿದ್ದೇನೆ. ಸೂಕ್ತವೆನಿಸಿದರೆ ಸಂದರ್ಶನಕ್ಕೆ ಬರುತ್ತೇನೆ."

ಇದರಲ್ಲಿ ಏನಿಲ್ಲ ಎಂಬುದನ್ನೂ ನೋಡಿ. ಕಳೆದ ಸಲ ಅನ್ಯಾಯವಾಯಿತು ಎಂಬ ಸೂಚನೆ ಇಲ್ಲ. ನಿಮ್ಮ ಕಂಪನಿಯೆಂದರೆ ನನಗೆ ಪ್ರಾಣ ಎಂಬ ಮಾತಿಲ್ಲ. ಮನೆಯ ಕಷ್ಟ ಇಲ್ಲ. ಅವನ ಮೊದಲ ಕರಡಿನಲ್ಲಿ ಇವು ಮೂರೂ ಇದ್ದವು, ಜತೆಗೆ "ದಯವಿಟ್ಟು ಇನ್ನೊಂದು ಅವಕಾಶ ಕೊಡಿ" ಎಂದು ಎರಡು ಸಲ. ಎಲ್ಲ ತೆಗೆಸಿದೆ. ಆ ಮೇಡಂ ಈ ಮೇಲನ್ನು ಒಂದಕ್ಷರ ತಿದ್ದದೆ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡಬಹುದೇ? ಕರಡು ಓದುವಾಗ ನಾನು ಕೇಳಿಕೊಂಡ ಪ್ರಶ್ನೆ ಇದೊಂದೇ. ಬೇಡಿಕೊಂಡು ಬರೆದದ್ದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅಂಕಿ ಇರುವುದನ್ನು ಮಾಡುತ್ತಾರೆ.

ಜಾಹೀರಾತೇ ಬಂದಿಲ್ಲದಿದ್ದರೆ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಬರೆಯಬಹುದು, ಆದರೆ ಆಗ ಕೇಳಿಕೆ ಇನ್ನೂ ಸಣ್ಣದಿರಲಿ: "ಇಂಥ ಹುದ್ದೆ ತೆರೆದಾಗ ನನ್ನ ಹೊಸ ಬಯೋಡೇಟಾ ನಿಮ್ಮಲ್ಲಿರಲಿ" ಎಂಬಷ್ಟು. ಅದಕ್ಕೆ ಉತ್ತರ ಬಾರದಿದ್ದರೆ ಬೇಸರಪಡಬೇಕಿಲ್ಲ, ಫೈಲು ಸೇರಿದರೆ ಸಾಕು.

ಉತ್ತರ ಬಾರದಾಗ

ಹುಡುಗನಿಗೆ ಎಂಟು ದಿನ ಏನೂ ಬರಲಿಲ್ಲ. ಮೂರನೇ ದಿನದಿಂದಲೇ ಫೋನ್ ಮಾಡಲು ತುದಿಗಾಲಲ್ಲಿದ್ದ. ನಾನು ತಡೆದೆ. ಕೆಲಸದ ದಿನಗಳ ಲೆಕ್ಕದಲ್ಲಿ ಆರೇಳು ದಿನ ಬಿಟ್ಟು ವಾಟ್ಸಾಪ್‌ನಲ್ಲಿ ಒಂದು ಸಾಲು: ಹೆಸರು, ಯಾವ ಹುದ್ದೆ, 16ರಂದು ಮೇಲ್ ಕಳಿಸಿದ್ದೇನೆ. ಅಷ್ಟೇ. ಗುಡ್ ಮಾರ್ನಿಂಗ್ ಚಿತ್ರ, ಹೂವು, ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಯಾವುದೂ ಬೇಡ. ಅದಕ್ಕೂ ಉತ್ತರವಿಲ್ಲದಿದ್ದರೆ ಇನ್ನೆರಡು ವಾರದ ಮೇಲೆ ಒಂದೇ ಒಂದು ಫೋನ್, ಬೆಳಿಗ್ಗೆ ಹನ್ನೊಂದೂವರೆಯ ಆಸುಪಾಸು. ಆ ಹೊತ್ತಿಗೆ ಬೆಳಗಿನ ಹಾಜರಿ ಗದ್ದಲ ಮುಗಿದಿರುತ್ತದೆ, ಊಟದ ಗಂಟೆ ಹೊಡೆದಿರುವುದಿಲ್ಲ. ಫೋನ್‌ಗೂ ಸಿಗದಿದ್ದರೆ ಈ ಹುದ್ದೆಗೆ ಅಲ್ಲಿಗೇ ಬಿಡಿ. ಮ್ಯಾನೇಜರ್‌ಗೆ ನೇರವಾಗಿ ಬರೆದು ಎಚ್‌ಆರ್‌ರನ್ನು ದಾಟಿಹೋಗಲು ಹೋಗಬೇಡಿ. ಸಣ್ಣ ಊರು ಇದು, ಈ ಕಂಪನಿಯ ಎಚ್‌ಆರ್ ಆ ಕಂಪನಿಯ ಎಚ್‌ಆರ್ ಜತೆ ಒಂದೇ ಚಿಗರಿ ಬಸ್ಸಿನಲ್ಲಿ ಓಡಾಡುತ್ತಿರುತ್ತಾರೆ.

ಇಲ್ಲೊಂದು ಎಚ್ಚರಿಕೆ. ಹಳೆಯ ಅರ್ಜಿಗಳ ಪಟ್ಟಿ ಕೈಬದಲಾಗಿ ಮೋಸಗಾರರ ಕೈಗೂ ಹೋಗುತ್ತದೆ. "ಕಳೆದ ಸಲ ಆಗಿರಲಿಲ್ಲ, ಈಗ ನಿಮ್ಮ ಹೆಸರು ಬಂದಿದೆ, ಯೂನಿಫಾರ್ಮಿಗೆ, ಟ್ರೇನಿಂಗಿಗೆ, ಮೆಡಿಕಲ್‌ಗೆ ಇಷ್ಟು ಕಳಿಸಿ" ಎಂದು ತಾವಾಗಿ ಫೋನ್ ಬಂದರೆ, ಕಂಪನಿಯ ಹೆಸರು ಸರಿ ಹೇಳಿದರೂ, ಹಣ ಕಳಿಸಬೇಡಿ. ಹಳೆಯ ಮೇಲ್ ಬಂದ ವಿಳಾಸಕ್ಕೇ ಬರೆದು ಕೇಳಿ. ಕೆಲಸ ಕೊಡುವ ಕಂಪನಿ ಅಭ್ಯರ್ಥಿಯಿಂದ ಹಣ ಇಸಿದುಕೊಳ್ಳುವುದಿಲ್ಲ.

ಅದೇ ಕೋಣೆ, ಅದೇ ಮ್ಯಾನೇಜರ್

ವಾಟ್ಸಾಪ್ ಹೋದ ಮರುದಿನ ಮೇಡಂ ಫೋನ್ ಮಾಡಿದರು. "ಸರ್‌ಗೆ ಫಾರ್ವರ್ಡ್ ಮಾಡೇನ್ರಿ, ಗುರುವಾರ ಬರ್ರಿ" ಎಂದರಂತೆ. ಕೇಳುವ ಸಂಬಳ ಕಳೆದ ಸಲದ್ದೇನಾ ಎಂದೂ ವಿಚಾರಿಸಿದರು. ಕಳೆದ ಸಲ 30 ಸಾವಿರ ಕೇಳಿದ್ದ; ನಡುವೆ ಅವನಿಗೆ ಸಂಬಳ ಹೆಚ್ಚಾಗಿರಲಿಲ್ಲ, ಅದಕ್ಕೆ ಅದೇ ಅಂಕಿ ಹೇಳಿದ. ಕಾರಣವಿಲ್ಲದೆ ಏರಿಸಿದರೆ ಶೀಟಿನಲ್ಲಿ ಹಳೆಯ ಅಂಕಿ ಅಣಕಿಸುತ್ತಿರುತ್ತದೆ.

ಎರಡನೇ ಸಲ ಹೋದಾಗ "ಕಳೆದ ಸಲ ಏನಾಗಿತ್ತು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಎರಡೇ ವಾಕ್ಯದಲ್ಲಿರಲಿ: ಇದು ಗೊತ್ತಿರಲಿಲ್ಲ, ಆಮೇಲೆ ಹೀಗೆ ಮಾಡಿದೆ. ನೆನಪಿಲ್ಲ ಎಂದರೆ ಮೇಲ್‌ನಲ್ಲಿ ಬರೆದದ್ದು ಯಾರೋ ಬರೆದುಕೊಟ್ಟದ್ದು ಎನಿಸುತ್ತದೆ. ಹುಡುಗ 90 ಅಳತೆಗಳ ಹಾಳೆಯನ್ನು ಒಯ್ದಿದ್ದ, ಆದರೆ ಗಿರಾಕಿಯ ಹೆಸರು, ಪಾರ್ಟ್ ನಂಬರ್, ಡ್ರಾಯಿಂಗ್ ನಂಬರ್ ಎಲ್ಲ ತೆಗೆದು, ಬರೀ ಅಳತೆ ಮತ್ತು ಲೆಕ್ಕ ಉಳಿಸಿಕೊಂಡಿದ್ದ. ಈಗಿನ ಕಂಪನಿಯ ಕಾಗದವನ್ನು ಇದ್ದ ಹಾಗೇ ತೋರಿಸಿದರೆ, ನಾಳೆ ನಮ್ಮದನ್ನೂ ಹೀಗೇ ಒಯ್ಯುತ್ತಾನೆ ಎಂದು ಅವರಿಗೆ ಅನ್ನಿಸುವುದು ಸಹಜ.

ಮ್ಯಾನೇಜರ್ ಹಾಳೆ ನೋಡಿ, ಆಪರೇಟರುಗಳ ಕಾಲಮ್ಮಿನ ಮೇಲೆ ಬೆರಳಿಟ್ಟು ಕೇಳಿದರಂತೆ: "ಈ ಮೂರನೆಯವರು ಯಾಕ ಮೊದಲನೇ ಸಲ ಎಲ್ಲಾ ಪೀಸಿಗೂ ಕಡಿಮಿ ಹೇಳ್ಯಾರ?" ಬಿಗಿಯಾಗಿ ಒತ್ತಿದರೆ ಅಳತೆ ಕಡಿಮೆ ತೋರಿಸುತ್ತದೆ, ರ‍್ಯಾಚೆಟ್ಟಿನ ಕತೆ ಹೇಳಿದ. ಹಿರಿಯರಿಗೆ ಹೇಗೆ ಹೇಳಿದಿರಿ ಎಂದು ಕೇಳಿದರು. ಅವರ ಕೈಯಿಂದಲೇ ರ‍್ಯಾಚೆಟ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ಅಳೆಸಿ, ಎರಡೂ ಅಂಕಿ ಅವರಿಂದಲೇ ಬರೆಸಿದೆ ಎಂದ. ಗೇಜ್ ಆರ್ ಅಂಡ್ ಆರ್ ಬಗ್ಗೆ ಅದರ ಮೇಲೆ ಒಂದು ಪ್ರಶ್ನೆಯೂ ಬರಲಿಲ್ಲ. ಉಳಿದ ಅರ್ಧ ಗಂಟೆ ಸರಬರಾಜುದಾರರ ಜತೆ ಜಗಳ ಹೇಗೆ ನಿಭಾಯಿಸುತ್ತೀರಿ ಎಂಬುದರ ಮೇಲೇ ನಡೆಯಿತು.

ಆಫರ್ 28 ಸಾವಿರಕ್ಕೆ ಬಂತು. ಅವನು ಒಪ್ಪಿ, ಗೋಕುಲ ರೋಡಿನ ಮಾಲೀಕರಿಗೆ ರಾಜೀನಾಮೆ ಕೊಡುವ ಮುಂಚೆ ನನಗೊಂದು ಫೋನ್ ಮಾಡಿದ. "ಮಾಮಾ, ನೋಟಿಸ್ 30 ದಿನ ಅಂದೀನಿ. ಮಾಲಕರು ಇನ್ನೊಂದು ವಾರ ಇರು ಅಂದ್ರ?" ಆಫರ್ ಪತ್ರದಲ್ಲಿ ಸೇರುವ ದಿನ ಬರೆದದ್ದು ಕೈಗೆ ಬಂದ ಮೇಲೆಯೇ ರಾಜೀನಾಮೆ ಕೊಡು, ಒಂದು ವಾರ ಹೆಚ್ಚು ಬೇಕಾದರೆ ಈಗಲೇ ಮೇಡಂಗೆ ಹೇಳು, ಸೇರುವ ಹಿಂದಿನ ದಿನ ಅಲ್ಲ ಎಂದೆ.